ಜರ್ಮನಿಯಲ್ಲಿ ಮೊದಲ ಎರಡು ತಿಂಗಳು: ಫಾರೆಕ್ಸ್ ಕಾರ್ಡ್, ನಗದು, ಡೆಬಿಟ್ ಕಾರ್ಡ್

ಪ್ರಶ್ನೆ: ಅಕ್ಟೋಬರ್‌ನಿಂದ ಜರ್ಮನಿಯಲ್ಲಿ ಎಂ.ಎಸ್. ಓದಲು ಹೋಗುತ್ತಿದ್ದೇನೆ. ವೀಸಾಕ್ಕಾಗಿ ಜೀವನವೆಚ್ಚದ ಹಣವನ್ನು ಮೊದಲೇ ಕಟ್ಟಿಡುವ ಬ್ಲಾಕ್ಡ್ ಅಕೌಂಟ್ ಆಗಿದೆ. ಅಲ್ಲಿನ ಬ್ಯಾಂಕ್ ಖಾತೆ ತೆರೆಯುವವರೆಗಿನ ಖರ್ಚಿಗೆ, ಮೊದಲೇ ಯೂರೋ ತುಂಬಿಸಿಕೊಳ್ಳುವ ಫಾರೆಕ್ಸ್ ಕಾರ್ಡ್ ಮಾಡಿಸಲೇ, ಯೂರೋ ನಗದು ಒಯ್ಯಲೇ, ಅಥವಾ ಈಗಿರುವ ಡೆಬಿಟ್ ಕಾರ್ಡ್ ಸಾಕೇ?

ಕೆಲವು ವರ್ಷಗಳ ಹಿಂದೆ ನಾನು ಇದೇ ದಾರಿಯಲ್ಲಿ ಹೋದವನು. ಮೂರನ್ನೂ ಒಯ್ದಿದ್ದೆ, ಆದರೆ ಯಾವುದರಲ್ಲಿ ಎಷ್ಟು ಹಣವಿರಬೇಕು ಎಂಬ ಅಂದಾಜು ತಪ್ಪಿತ್ತು. ಹೊರಡುವ ಮೊದಲು ಎಲ್ಲರೂ ವಿನಿಮಯ ದರದ ಬಗ್ಗೆಯೇ ಮಾತನಾಡುತ್ತಿದ್ದರು. ಅಲ್ಲಿಗೆ ಹೋದ ಮೇಲೆ ನನ್ನನ್ನು ಕಾಡಿದ್ದು ದರವಲ್ಲ; ಕೈಯಲ್ಲಿರುವ ಹಣವನ್ನು ಎದುರಿನವರು ಯಾವ ರೂಪದಲ್ಲಿ ಸ್ವೀಕರಿಸುತ್ತಾರೆ ಎಂಬುದು. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಬ್ಲಾಕ್ಡ್ ಅಕೌಂಟಿನಲ್ಲಿ ನೀವು ಇಟ್ಟಿರುವ 11,904 ಯೂರೋ (2024ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಮೊತ್ತ) ತಿಂಗಳಿಗೆ 992 ಯೂರೋಗಳಂತೆ ಬಿಡುಗಡೆಯಾಗುತ್ತದೆ. ಆದರೆ ಆ ಹಣ ಬಂದು ಸೇರಲು ಸಾಮಾನ್ಯವಾಗಿ ನಿಮ್ಮ ಹೆಸರಿನಲ್ಲಿ ಅಲ್ಲಿ ಚಾಲ್ತಿ ಖಾತೆಯೊಂದು ಇರಬೇಕು. ಖಾತೆ ತೆರೆಯಲು ಹೋದರೆ ಅನೇಕ ಬ್ಯಾಂಕುಗಳು ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಿದ ಪತ್ರ ಕೇಳುತ್ತವೆ. ಆ ನೋಂದಣಿಯನ್ನು ಅಲ್ಲಿ ಆನ್‌ಮೆಲ್ಡುಂಗ್ ಎನ್ನುತ್ತಾರೆ. ಅದಕ್ಕೆ ಮನೆ ಮಾಲೀಕರು ಸಹಿ ಮಾಡಿದ ದೃಢೀಕರಣ ಬೇಕು, ಮಾಲೀಕರಿಗೋ ಮೊದಲು ಠೇವಣಿ ಬೇಕು. ಹೀಗೆ ನಿಮ್ಮದೇ ಹಣವನ್ನು ಮುಟ್ಟಲು ಮೊದಲು ಬೇರೆ ಹಣ ಖರ್ಚಾಗಬೇಕು. ಈ ಸುತ್ತು ಮುಗಿಯಲು ನನಗೆ ಐದು ವಾರ ಹಿಡಿಯಿತು. ಅಕ್ಟೋಬರ್‌ನಲ್ಲಿ ವಿದ್ಯಾರ್ಥಿಗಳೆಲ್ಲ ಒಟ್ಟಿಗೆ ಬಂದಿಳಿಯುವುದರಿಂದ ನಗರ ಕಚೇರಿಯ ಸಮಯ ನಿಗದಿಯೇ ತಡವಾಗುತ್ತದೆ. ಎಂಟು ವಾರಗಳ ಲೆಕ್ಕ ಹಾಕಿಕೊಂಡರೆ ನೆಮ್ಮದಿ.

ಈ ಎಂಟು ವಾರಗಳಲ್ಲಿ ಅತಿ ದೊಡ್ಡ ಖರ್ಚು ಮನೆಯ ಠೇವಣಿ. ಅಲ್ಲಿನ ಕಾನೂನಿನ ಪ್ರಕಾರ ಇದು ಮೂರು ತಿಂಗಳ ಮೂಲ ಬಾಡಿಗೆಯನ್ನು, ಅಂದರೆ ಬಿಸಿಮಾಡುವ ವೆಚ್ಚ ಮತ್ತು ನಿರ್ವಹಣಾ ವೆಚ್ಚ ಸೇರದ ಬಾಡಿಗೆಯನ್ನು, ಮೀರುವಂತಿಲ್ಲ. ನನ್ನ ಕೋಣೆಯ ಮೂಲ ಬಾಡಿಗೆ 350 ಯೂರೋ, ಠೇವಣಿ 1,050. ನನ್ನ ಫಾರೆಕ್ಸ್ ಕಾರ್ಡಿನಲ್ಲಿ 2,000 ಯೂರೋ ಇತ್ತಾದ್ದರಿಂದ ನಿಶ್ಚಿಂತನಾಗಿದ್ದೆ. ಮನೆಯೊಡತಿ ತಮ್ಮ ಖಾತೆಯ ಐಬ್ಯಾನ್ ಸಂಖ್ಯೆ ಬರೆದುಕೊಟ್ಟು, ಹಣ ವರ್ಗಾಯಿಸಿ ಎಂದರು. ಫಾರೆಕ್ಸ್ ಕಾರ್ಡಿನಿಂದ ಅದು ಸಾಧ್ಯವಿಲ್ಲ. ಅಂಗಡಿಯಲ್ಲಿ ಉಜ್ಜಬಹುದು, ಎಟಿಎಂನಲ್ಲಿ ತೆಗೆಯಬಹುದು, ಅಂತರಜಾಲದಲ್ಲಿ ಕಾರ್ಡ್ ಸಂಖ್ಯೆ ನಮೂದಿಸಿ ಪಾವತಿಸಬಹುದು. ಇನ್ನೊಬ್ಬರ ಖಾತೆಗೆ ಕಳುಹಿಸುವಂತಿಲ್ಲ, ಏಕೆಂದರೆ ಅದರ ಹಿಂದೆ ನಿಮ್ಮ ಹೆಸರಿನ ಬ್ಯಾಂಕ್ ಖಾತೆ ಎಂಬುದಿಲ್ಲ. ನನ್ನ ಕಾರ್ಡಿಗೆ ದಿನಕ್ಕೆ 400 ಯೂರೋ ತೆಗೆಯುವ ಮಿತಿಯಿತ್ತು. ಮೂರು ದಿನ ಎಟಿಎಂ ಮುಂದೆ ನಿಂತು 400, 400, 250 ಎಂದು ತೆಗೆದು ನಗದಾಗಿ ಕೊಟ್ಟೆ. ಪ್ರತಿ ಬಾರಿಯೂ ಎಟಿಎಂ ನಡೆಸುವವರಿಗೆ 5 ಯೂರೋ, ಕಾರ್ಡ್ ಕೊಟ್ಟ ಬ್ಯಾಂಕಿಗೆ 2 ಯೂರೋ ಹೋಯಿತು. ರಸೀದಿ ಬರೆಸಿಕೊಂಡಿದ್ದೊಂದೇ ಆಗ ನಾನು ಮಾಡಿದ ಬುದ್ಧಿವಂತಿಕೆಯ ಕೆಲಸ.

ಇಂದು ನಾನು ಹೊರಡುವುದಾದರೆ ಠೇವಣಿ ಮತ್ತು ಮೊದಲ ತಿಂಗಳ ಬಾಡಿಗೆಯನ್ನು ಈ ಮೂರರಲ್ಲಿ ಯಾವುದಕ್ಕೂ ಸೇರಿಸದೆ, ಮನೆಯವರ ಖಾತೆಯಿಂದ ನೇರವಾಗಿ ಮಾಲೀಕರ ಖಾತೆಗೆ ಬ್ಯಾಂಕ್ ಮೂಲಕ ರವಾನಿಸುತ್ತೇನೆ. ಬ್ಯಾಂಕಿನವರು ವಿದೇಶಕ್ಕೆ ಹಣ ಕಳುಹಿಸುವ ಎ2 ನಮೂನೆ, ಪ್ಯಾನ್, ಬಾಡಿಗೆ ಕರಾರಿನ ಪ್ರತಿ ಕೇಳಬಹುದು. ನಮೂನೆಯಲ್ಲಿ ಶುಲ್ಕವನ್ನು ಯಾರು ಭರಿಸುತ್ತಾರೆ ಎಂಬಲ್ಲಿ `OUR` ಆಯ್ಕೆ ಮಾಡಿಸಿ. ಇಲ್ಲವಾದರೆ ನಡುವಿನ ಬ್ಯಾಂಕು ತನ್ನ ಶುಲ್ಕವನ್ನು ಮುರಿದುಕೊಂಡು, ಮಾಲೀಕರಿಗೆ ಹತ್ತಿಪ್ಪತ್ತು ಯೂರೋ ಕಡಿಮೆ ತಲುಪಿ, ಬೀಗದ ಕೈ ಕೊಡುವ ದಿನ ಅನವಶ್ಯಕ ಚರ್ಚೆಯಾಗುತ್ತದೆ. ಆದರೆ ಕೋಣೆಯನ್ನು ನೀವಾಗಲಿ ನಿಮ್ಮ ಪರವಾಗಿ ಯಾರಾದರೂ ಆಗಲಿ ನೋಡದೆ, ಕೇವಲ ಚಿತ್ರ ನಂಬಿ ರವಾನಿಸಬೇಡಿ; ಹೋದ ಹಣ ಹಿಂದಿರುಗುವುದು ಕಷ್ಟ. ಹೋದ ಮೇಲೆಯೇ ಕೋಣೆ ಹುಡುಕುವುದಾದರೆ ಇನ್ನೊಂದು ವಿಷಯ ನೆನಪಿರಲಿ: ಠೇವಣಿಯನ್ನು ಮೂರು ಸಮಾನ ಮಾಸಿಕ ಕಂತುಗಳಲ್ಲಿ ಕಟ್ಟುವ ಹಕ್ಕು ಬಾಡಿಗೆದಾರನಿಗೆ ಅಲ್ಲಿನ ಕಾನೂನಿನಲ್ಲೇ ಇದೆ. ನನಗೆ ಇದು ತಿಳಿದಿದ್ದರೆ ಮೊದಲ ಕಂತಾಗಿ 350 ಯೂರೋ ಸಾಕಾಗುತ್ತಿತ್ತು.

ಈಗ ಉಳಿದ ದಿನನಿತ್ಯದ ಖರ್ಚಿಗೆ ಬರೋಣ. ಲೆಕ್ಕ ಸುಲಭವಾಗಲೆಂದು ಮಾರುಕಟ್ಟೆಯಲ್ಲಿ ಒಂದು ಯೂರೋಗೆ 100 ರೂಪಾಯಿ ಎಂದಿಟ್ಟುಕೊಳ್ಳಿ. ಫಾರೆಕ್ಸ್ ಕಾರ್ಡಿಗೆ ಹಣ ತುಂಬುವಾಗ ಬ್ಯಾಂಕು 102ರ ದರ ಹೇಳಿತೆಂದರೆ, 1,000 ಯೂರೋಗೆ 1,02,000 ರೂಪಾಯಿ, ಜೊತೆಗೆ ವಿನಿಮಯದ ಮೇಲಿನ ಜಿಎಸ್‌ಟಿ ಸುಮಾರು 182 ರೂಪಾಯಿ. ಅದೇ 1,000 ಯೂರೋವನ್ನು ಅಲ್ಲಿ ಡೆಬಿಟ್ ಕಾರ್ಡ್ ಉಜ್ಜಿ ಖರ್ಚು ಮಾಡಿದರೆ, ಮಾರುಕಟ್ಟೆ ದರದ ಮೇಲೆ ಹೆಚ್ಚಿನ ಬ್ಯಾಂಕುಗಳು ಸೇರಿಸುವ 3.5 ಶೇಕಡಾ ಶುಲ್ಕ, ಅಂದರೆ ಮಾರ್ಕಪ್, ಪ್ರಕಾರ 3,500 ರೂಪಾಯಿ, ಆ ಮಾರ್ಕಪ್ ಮೇಲೆ 18 ಶೇಕಡಾ ಜಿಎಸ್‌ಟಿ 630 ರೂಪಾಯಿ; ಒಟ್ಟು 1,04,130. ಎರಡು ಸಾವಿರ ರೂಪಾಯಿಗೆ ಹತ್ತಿರದ ವ್ಯತ್ಯಾಸ. ಎಟಿಎಂನಿಂದ ಸಣ್ಣ ಮೊತ್ತ ತೆಗೆದರೆ ಡೆಬಿಟ್ ಕಾರ್ಡ್ ಇನ್ನೂ ದುಬಾರಿ, ಏಕೆಂದರೆ ಪ್ರತಿ ಸಲವೂ ನಿಮ್ಮ ಬ್ಯಾಂಕು ನೂರಿಪ್ಪತ್ತೈದರಿಂದ ನೂರೈವತ್ತು ರೂಪಾಯಿಯಷ್ಟು ಪ್ರತ್ಯೇಕ ಶುಲ್ಕವನ್ನೂ ಮುರಿದುಕೊಳ್ಳುತ್ತದೆ.

ಆದರೆ ಈ ಲೆಕ್ಕವನ್ನು ಇನ್ನೊಂದು ಬದಿಯಿಂದಲೂ ಓದಿ. ಬ್ಯಾಂಕು ಹೇಳಿದ ದರ 102 ಅಲ್ಲದೆ 105 ಆಗಿದ್ದರೆ, ಡೆಬಿಟ್ ಕಾರ್ಡೇ ಅಗ್ಗ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೊನೆಯ ಗಳಿಗೆಯಲ್ಲಿ ಕೊಂಡವರಿಗೆ ಆಗುವುದು ಇದೇ. ಫಾರೆಕ್ಸ್ ಕಾರ್ಡ್ ಅಗ್ಗವೆಂಬುದು ಕಾರ್ಡಿನ ಗುಣವಲ್ಲ, ಅದನ್ನು ತುಂಬಿದ ದಿನದ ದರದ ಗುಣ. ಆದ್ದರಿಂದ ಎರಡು ಕಡೆ ವಿಚಾರಿಸಿ, ಅದೇ ಗಳಿಗೆಯ ಮಾರುಕಟ್ಟೆ ದರದೊಡನೆ ಹೋಲಿಸಿ, ಕಾರ್ಡ್ ಶುಲ್ಕ ಮತ್ತು ತೆರಿಗೆ ಸೇರಿ ಕೊನೆಗೆ ಒಟ್ಟು ಎಷ್ಟು ರೂಪಾಯಿ ಎಂದು ಕೇಳಿ. ನಿಮ್ಮ ಬ್ಯಾಂಕಿನ ಡೆಬಿಟ್ ಕಾರ್ಡಿಗೆ ಮಾರ್ಕಪ್ಪೇ ಇಲ್ಲವೆಂದಾದರೆ (ಅಂಥವೂ ಇವೆ) ನನ್ನ ಲೆಕ್ಕ ತಲೆಕೆಳಗಾಗುತ್ತದೆ. ಆಗ ಫಾರೆಕ್ಸ್ ಕಾರ್ಡಿಗೆ ಉಳಿಯುವ ಲಾಭವೆಂದರೆ ದರ ಮೊದಲೇ ನಿಗದಿಯಾಗುವುದು ಮತ್ತು ಕಳೆದುಹೋದರೆ ನಿಮ್ಮ ಮುಖ್ಯ ಖಾತೆ ಸುರಕ್ಷಿತವಾಗಿರುವುದು ಮಾತ್ರ.

ಎರಡೂ ಕಾರ್ಡುಗಳನ್ನು ಸಮಾನವಾಗಿ ಕಾಡುವ ಒಂದು ಬಲೆಯಿದೆ. ಅಂಗಡಿಯ ಯಂತ್ರವೋ ಎಟಿಎಂ ಪರದೆಯೋ ಕಾರ್ಡ್ ಭಾರತದ್ದೆಂದು ಗುರುತಿಸಿ, ಮೊತ್ತವನ್ನು ರೂಪಾಯಿಯಲ್ಲಿ ಕಡಿತ ಮಾಡಲೇ ಎಂದು ಕೇಳುತ್ತದೆ. ನಮ್ಮ ರೂಪಾಯಿ ಕಂಡು ಮನಸ್ಸು ಒಪ್ಪಿಬಿಡುತ್ತದೆ, ಆದರೆ ಅಲ್ಲಿ ಬಳಕೆಯಾಗುವುದು ಯಂತ್ರದವರ ಸ್ವಂತ ದರ, ಅದು ಸಾಮಾನ್ಯವಾಗಿ ತೀರ ಕೆಟ್ಟದ್ದು. ಯೂರೋ ತುಂಬಿದ ಫಾರೆಕ್ಸ್ ಕಾರ್ಡಿನಲ್ಲಿ ಹೀಗೆ ಒಪ್ಪಿದರೆ ಪೆಟ್ಟು ಎರಡು: ಯಂತ್ರವು ಯೂರೋವನ್ನು ರೂಪಾಯಿ ಮಾಡುತ್ತದೆ, ನಿಮ್ಮ ಕಾರ್ಡು ಆ ರೂಪಾಯಿಯನ್ನು ಮತ್ತೆ ಯೂರೋ ಮಾಡಿ ಅನ್ಯ ಕರೆನ್ಸಿಯ ಶುಲ್ಕ ಹಾಕುತ್ತದೆ. ಪರದೆಯಲ್ಲಿ `INR` ಕಂಡರೆ ಬೇಡವೆನ್ನಿ, `EUR` ಆಯ್ಕೆ ಮಾಡಿ. ಎಟಿಎಂನಲ್ಲಿ ಪರಿವರ್ತನೆಯನ್ನು ನಿರಾಕರಿಸಿದರೂ ಹಣ ಬರುತ್ತದೆ. ನಿರಾಕರಿಸಿದರೆ ವ್ಯವಹಾರವೇ ರದ್ದಾಗುತ್ತದೆಂದು ಹೆದರಿ ನಾನು ಒಮ್ಮೆ ಒಪ್ಪಿಕೊಂಡಿದ್ದೆ.

ನಗದಿನ ವಿಷಯದಲ್ಲಿ ಜರ್ಮನಿ ನೀವು ಎಣಿಸುವುದಕ್ಕಿಂತ ಹಳೆಯ ಕಾಲದ ದೇಶ. ಅನೇಕ ಸಣ್ಣ ಅಂಗಡಿ, ಬೇಕರಿ, ಕೆಲವು ಕಚೇರಿಗಳ ಕೌಂಟರಿನಲ್ಲಿ ಕಾರ್ಡ್ ತೆಗೆದುಕೊಳ್ಳುತ್ತೇವೆ ಎಂದು ಬರೆದಿರುತ್ತದೆ, ಆದರೆ ಅವರು ಹೇಳುವುದು ಅಲ್ಲಿನ ಬ್ಯಾಂಕುಗಳು ಕೊಡುವ ಜಿರೋಕಾರ್ಡನ್ನು. ಜನರ ಬಾಯಲ್ಲಿ ಅದು ಈಗಲೂ ಇಸಿ ಕಾರ್ಡ್. ಅಲ್ಲಿ ನಿಮ್ಮ ವೀಸಾ ಅಥವಾ ಮಾಸ್ಟರ್‌ಕಾರ್ಡ್ ತಿರಸ್ಕೃತವಾದರೆ ಕಾರ್ಡ್ ಕೆಟ್ಟಿದೆಯೆಂದು ಗಾಬರಿಯಾಗಬೇಡಿ, ಪಕ್ಕದ ದೊಡ್ಡ ಅಂಗಡಿಯಲ್ಲಿ ಅದೇ ಕಾರ್ಡ್ ಓಡುತ್ತದೆ. ನಮ್ಮ ನಿಯಮಗಳ ಪ್ರಕಾರ ಪ್ರತಿ ಪ್ರಯಾಣಕ್ಕೆ 3,000 ಡಾಲರ್ ಮೌಲ್ಯದವರೆಗೆ ವಿದೇಶಿ ನೋಟು ಒಯ್ಯಬಹುದಾದರೂ, ಅಷ್ಟು ಬೇಡ. ನೋಟಿನ ದರ ಕಾರ್ಡಿನ ದರಕ್ಕಿಂತ ಹೆಚ್ಚಿರುತ್ತದೆ, ಕಳೆದರೆ ಹೋಯಿತು. 300ರಿಂದ 400 ಯೂರೋ ಸಾಕು. ಕೊಳ್ಳುವಾಗ 10, 20, 50ರ ನೋಟುಗಳನ್ನೇ ಕೇಳಿ ಪಡೆಯಿರಿ. 200ರ ನೋಟನ್ನು ಬೇಕರಿಯವರು ಮುಟ್ಟುವುದಿಲ್ಲ.

ಹೀಗಾಗಿ ನನ್ನ ಕೋಣೆಯಂಥದ್ದೇ ನಿಮಗೂ ಸಿಕ್ಕರೆ, ಠೇವಣಿ ಮತ್ತು ಬಾಡಿಗೆ ಬ್ಯಾಂಕ್ ರವಾನೆಯಲ್ಲಿ ಹೋಗಲಿ, 1,200 ಯೂರೋ ಫಾರೆಕ್ಸ್ ಕಾರ್ಡಿನಲ್ಲಿರಲಿ, ನಗದು ನಾನು ಹೇಳಿದಷ್ಟು, ಡೆಬಿಟ್ ಕಾರ್ಡಿನ ಖಾತೆಯಲ್ಲಿ ಐವತ್ತು ಸಾವಿರ ರೂಪಾಯಿ ಆಪತ್ಕಾಲಕ್ಕೆಂದು ಕುಳಿತಿರಲಿ. ಕೋಣೆ ಹುಡುಕುವುದು ಬಾಕಿಯಿದ್ದರೆ ಕಾರ್ಡಿನ ಮೊತ್ತವನ್ನು 1,800ಕ್ಕೆ ಏರಿಸಿ, ಏಕೆಂದರೆ ಮೊದಲ ಕಂತು ಮತ್ತು ಹಾಸ್ಟೆಲಿನ ವಾಸ್ತವ್ಯ ಅದರಿಂದಲೇ ಆಗಬೇಕು. ಹಾಸ್ಟೆಲಿನವರು ಭದ್ರತೆಗೆಂದು ಕಾರ್ಡಿನಲ್ಲಿ ಮೊತ್ತ ತಡೆಹಿಡಿದರೆ ಪ್ರೀಪೇಯ್ಡ್ ಕಾರ್ಡಿನಲ್ಲಿ ಅಷ್ಟು ಹಣ ನಿಮಗೆ ಸಿಗದಂತಾಗಿ, ನೀವು ಹೊರಟ ಮೇಲೂ ಕೆಲವು ದಿನ ಹಾಗೆಯೇ ಇರುತ್ತದೆ. ಆ ಭದ್ರತೆಯನ್ನು ನಗದಾಗಿ ಕೊಡುವುದು ಲೇಸು.

ಡೆಬಿಟ್ ಕಾರ್ಡ್ ಕೈಕೊಡುವುದು ಬಹುತೇಕ ಮನೆಯಲ್ಲೇ ಆಗಿಹೋದ ತಪ್ಪಿನಿಂದ. 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆ ಮುಚ್ಚಿಯೇ ಬರುತ್ತದೆ. ಆ್ಯಪಿನಲ್ಲಿ ಎಟಿಎಂ ಮತ್ತು ಅಂಗಡಿ ಎರಡಕ್ಕೂ ನೀವೇ ತೆರೆದು ಮಿತಿ ನಿಗದಿ ಮಾಡಬೇಕು. ದೇಶದೊಳಗೆ ಮಾತ್ರ ನಡೆಯುವ ರುಪೇ ಕಾರ್ಡಾಗಿದ್ದರೆ ಈಗಲೇ ಬದಲಾಯಿಸಿಕೊಳ್ಳಿ. ಭಾರತದ ಸಿಮ್ ಅನ್ನು ರೋಮಿಂಗ್ ಸಹಿತ ಜೀವಂತವಾಗಿಡಿ, ಏಕೆಂದರೆ ಮಿತಿ ಬದಲಿಸಲು, ಫಾರೆಕ್ಸ್ ಕಾರ್ಡಿಗೆ ಮತ್ತೆ ಹಣ ತುಂಬಲು ಒಟಿಪಿ ಬರುವುದು ಅದಕ್ಕೇ. ಮರುತುಂಬಿಕೆ ಬ್ಯಾಂಕಿನ ಕೆಲಸದ ದಿನಗಳಲ್ಲಿ ಮಾತ್ರ ಆಗುವುದುಂಟು, ಹಾಗಾಗಿ ಶುಕ್ರವಾರ ಸಂಜೆ ಕಾರ್ಡ್ ಬರಿದಾಗಲು ಬಿಡಬೇಡಿ.

ಅಲ್ಲಿನ ಖಾತೆ ತೆರೆದು ಮೊದಲ 992 ಯೂರೋ ಬಂದ ಮೇಲೆ ಫಾರೆಕ್ಸ್ ಕಾರ್ಡನ್ನು ಮತ್ತೆ ತುಂಬಿಸುವ ಅಗತ್ಯವಿಲ್ಲ. ಉಳಿದದ್ದನ್ನು ರೂಪಾಯಿಗೆ ಮರಳಿಸಿದರೆ ಬ್ಯಾಂಕು ಕೊಳ್ಳುವ ದರದಲ್ಲಿ ಮತ್ತೊಮ್ಮೆ ನಷ್ಟ, ಸುಮ್ಮನೆ ಬಿಟ್ಟರೆ ಕೆಲವು ಬ್ಯಾಂಕುಗಳು ಬಳಸದ ಕಾರ್ಡಿಗೂ ಶುಲ್ಕ ಹಾಕುತ್ತವೆ. ನಾನು ಕೊನೆಯ ನಲವತ್ತು ಯೂರೋವನ್ನು ಎರಡು ವಾರ ದಿನಸಿ ಅಂಗಡಿಯಲ್ಲೇ ಉಜ್ಜಿ ಮುಗಿಸಿದೆ.