ಅಂಗಡಿಯ ವಾಟ್ಸ್‌ಆ್ಯಪ್ ಮಾತುಕತೆ ನಿಜವಾಗಿ ಎಲ್ಲಿರುತ್ತದೆ?

ಪ್ರಶ್ನೆ: ನಮ್ಮ ಅಂಗಡಿಯ ಒಂದೇ ವಾಟ್ಸ್‌ಆ್ಯಪ್ ಬಿಸಿನೆಸ್ ನಂಬರನ್ನು ನಾಲ್ವರು ಬೇರೆ ಬೇರೆ ಕಂಪ್ಯೂಟರುಗಳಲ್ಲಿ ಬಳಸುತ್ತೇವೆ. ಈಗ ಒಬ್ಬರು ಕೆಲಸ ಬಿಡುತ್ತಿದ್ದಾರೆ. ಗ್ರಾಹಕರ ಜೊತೆಗಿನ ಮಾತುಕತೆಯೆಲ್ಲ ಎಲ್ಲಿ ಉಳಿದಿರುತ್ತದೆ? ಅದನ್ನು ಹೊರಗೆ ತೆಗೆದಿಡುವುದು ಹೇಗೆ?

ನಂಬರು ನೋಂದಣಿಯಾಗಿರುವ ಮೂಲ ಫೋನಿನಲ್ಲಿ ಮಾತ್ರ ಪೂರ್ತಿ ಮಾತುಕತೆ ಇರುತ್ತದೆ. ಸಂದೇಶವು ತಲುಪಬೇಕಾದವರಿಗೆ ತಲುಪಿದ ಮೇಲೆ ವಾಟ್ಸ್‌ಆ್ಯಪ್‌ನ ಸರ್ವರಿನಲ್ಲಿ ಉಳಿಯುವುದಿಲ್ಲ. ತಲುಪದೇ ಇದ್ದದ್ದನ್ನು ಹೆಚ್ಚೆಂದರೆ 30 ದಿನ ಇಟ್ಟುಕೊಂಡು ಅಳಿಸಿಬಿಡುತ್ತಾರೆ. ಆದ್ದರಿಂದ ಕಂಪನಿಗೆ ಬರೆದು ಹಳೆಯ ಮಾತುಕತೆ ಕೇಳಿದರೆ ಪ್ರಯೋಜನವಿಲ್ಲ. ಆ್ಯಪ್‌ನಲ್ಲಿ ಕಾಣುವ `Request account info` ಎಂಬ ವರದಿಯಲ್ಲಿಯೂ ಸಂದೇಶಗಳು ಇರುವುದಿಲ್ಲ. ನಿಮ್ಮ ಸಿಬ್ಬಂದಿಯ ಕಂಪ್ಯೂಟರುಗಳಲ್ಲಿ ಕಾಣುವುದು ಮೂಲ ಫೋನಿನಿಂದ ಹೋದ ನಕಲು. ಹೊಸದಾಗಿ ಒಂದು ಕಂಪ್ಯೂಟರನ್ನು ಜೋಡಿಸಿದಾಗ ಇತ್ತೀಚಿನ ಮಾತುಕತೆ ಮಾತ್ರ ಅಲ್ಲಿಗೆ ಬರುತ್ತದೆ, ತೀರ ಹಳೆಯದು ಬರುವುದಿಲ್ಲ. ಮೂಲ ಫೋನನ್ನು 14 ದಿನಕ್ಕಿಂತ ಹೆಚ್ಚು ಬಳಸದೇ ಬಿಟ್ಟರೆ ಜೋಡಿಸಿದ ಸಾಧನಗಳೆಲ್ಲ ತಾವಾಗಿಯೇ ಲಾಗ್‌ಔಟ್ ಆಗುತ್ತವೆ.

ಹೀಗಾಗಿ ಕೆಲಸ ಬಿಡುವವರನ್ನು ಹೊರಗಿಡುವುದು ಸುಲಭ. ಮೂಲ ಫೋನಿನಲ್ಲಿ `Linked devices` ತೆರೆದು, ಅವರ ಕಂಪ್ಯೂಟರಿನ ಹೆಸರನ್ನು ಒತ್ತಿ `Log out` ಮಾಡಿದರೆ ಮುಗಿಯಿತು. ಮಾತುಕತೆ ಎಲ್ಲಿಯೂ ಹೋಗುವುದಿಲ್ಲ. ಆದರೆ ಅದಕ್ಕೂ ಮೊದಲು ನೀವು ನೋಡಬೇಕಾದದ್ದು ಬೇರೊಂದಿದೆ. `Settings`, `Chats`, `Chat backup` ಎಂದು ಹೋಗಿ, ಅಲ್ಲಿ ಯಾರ ಗೂಗಲ್ ಖಾತೆ ಇದೆ ಎಂದು ಓದಿ. ನಾನು ದಾವಣಗೆರೆಯ ಒಂದು ಟೈಲ್ಸ್ ಅಂಗಡಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಫೋನನ್ನು ಮೊದಲು ಸಿದ್ಧಪಡಿಸಿದ್ದ ಹುಡುಗ ತನ್ನ ಸ್ವಂತ ಜಿಮೇಲನ್ನೇ ಹಾಕಿದ್ದ. ಅವನು ಕೆಲಸ ಬಿಟ್ಟು ಏಳು ತಿಂಗಳಾದ ಮೇಲೆ ಫೋನಿನ ಪರದೆ ಕೆಟ್ಟಿತು, ಹೊಸ ಫೋನು ತಂದೆವು. ಅದೇ ನಂಬರು ಮತ್ತು ಅದೇ ಗೂಗಲ್ ಖಾತೆ ಎರಡೂ ಇದ್ದರೆ ಮಾತ್ರ ಬ್ಯಾಕಪ್ ಮರಳುತ್ತದೆ. ನಮ್ಮ ಬಳಿ ನಂಬರು ಮಾತ್ರ ಇತ್ತು. ಹುಡುಗ ಒಳ್ಳೆಯವನು, ಕರೆದಾಗ ಬಂದು ಪಾಸ್‌ವರ್ಡ್ ಹಾಕಿಕೊಟ್ಟ. ಎಲ್ಲರ ಅದೃಷ್ಟವೂ ಹಾಗಿರುವುದಿಲ್ಲ. ಅಂಗಡಿಯ ಹೆಸರಿನಲ್ಲಿ ಒಂದು ಖಾತೆ ಮಾಡಿ, ಅದಕ್ಕೆ ಬ್ಯಾಕಪ್ ತಿರುಗಿಸಿ, ಆ ಮೇಲೆ ಅವರನ್ನು ಬೀಳ್ಕೊಡಿ.

ಈಗ ಹೊರಗೆ ತೆಗೆಯುವ ವಿಚಾರ. ಬ್ಯಾಕಪ್ ಎನ್ನುವುದು ಬೀಗ ಹಾಕಿದ ಪೆಟ್ಟಿಗೆ, ಅದನ್ನು ವಾಟ್ಸ್‌ಆ್ಯಪ್ ಮಾತ್ರ ತೆರೆಯಬಲ್ಲದು. ನೀವೇ ಓದುವಂತಹ ಕಡತ ಬೇಕಿದ್ದರೆ ಮೂಲ ಫೋನಿನಲ್ಲಿ ಗ್ರಾಹಕರ ಚಾಟ್ ತೆರೆದು, ಮೂರು ಚುಕ್ಕೆ, `More`, `Export chat` ಎಂದು ಒತ್ತಬೇಕು. ಐಫೋನಿನಲ್ಲಿ ಚಾಟಿನ ಮೇಲಿರುವ ಹೆಸರನ್ನು ಒತ್ತಿದರೆ ಕೆಳಗಡೆ ಇದು ಸಿಗುತ್ತದೆ. ಒಂದು ಸಲಕ್ಕೆ ಒಬ್ಬ ಗ್ರಾಹಕರದ್ದು ಮಾತ್ರ ಹೊರಬರುತ್ತದೆ. ಎಲ್ಲವನ್ನೂ ಒಟ್ಟಿಗೆ ತೆಗೆಯುವ ಗುಂಡಿ ಆ್ಯಪ್‌ನಲ್ಲಿ ಇಲ್ಲ. ಹೀಗೆ ತೆಗೆದ ಕಡತವನ್ನು ಮತ್ತೆ ವಾಟ್ಸ್‌ಆ್ಯಪ್‌ಗೆ ತುಂಬಲೂ ಆಗುವುದಿಲ್ಲ. ಆದ್ದರಿಂದ ಎಲ್ಲರದ್ದನ್ನೂ ತೆಗೆಯುತ್ತ ಕೂರಬೇಡಿ. ಬಾಕಿ ಇರುವವರು, ದರದ ತಕರಾರು ಬರಬಹುದಾದವರು, ದೊಡ್ಡ ಆರ್ಡರಿನವರು, ಇಷ್ಟು ಜನರದ್ದು ಸಾಕು.

ಎಡವುವುದು ಸಾಮಾನ್ಯವಾಗಿ ಮಿತಿಯ ವಿಚಾರದಲ್ಲಿ. ಫೋಟೊ ಸಮೇತ ತೆಗೆದರೆ ಕೊನೆಯ 10,000 ಸಂದೇಶಗಳು, ಫೋಟೊ ಇಲ್ಲದೆ ತೆಗೆದರೆ ಕೊನೆಯ 40,000 ಸಂದೇಶಗಳು ಬರುತ್ತವೆ. ಮಿತಿ ದಾಟಿದಾಗ ಹಳೆಯದು ಬಿಟ್ಟುಹೋಗುತ್ತದೆ, ಕಡತ ನೋಡಲು ಮಾತ್ರ ಸರಿಯಾಗಿಯೇ ಇರುತ್ತದೆ. ನಮ್ಮ ಒಬ್ಬ ಗಾರೆ ಮೇಸ್ತ್ರಿಯವರ ಜೊತೆ ಮೂರು ವರ್ಷದ ವ್ಯವಹಾರವಿತ್ತು; ದಿನಕ್ಕೆ ಹತ್ತಾರು ಸಂದೇಶ, ಟೈಲ್ಸ್ ಮಾದರಿಯ ಫೋಟೊಗಳು. 2023ರ ಜೂನ್‌ನಲ್ಲಿ ಒಪ್ಪಿದ ದರದ ಬಗ್ಗೆ ಮಾತು ಬಂದಾಗ ನಾನು ಫೋಟೊ ಸಮೇತ ತೆಗೆದೆ. ಕಡತದ ಮೊದಲ ಸಾಲಿನಲ್ಲಿ 2023ರ ನವೆಂಬರ್ ಇತ್ತು. ಚಾಟ್ ನಿಜವಾಗಿ ಶುರುವಾದ ಜಾಗದಿಂದಲೇ ತೆಗೆದಿದ್ದರೆ ಮೊದಲಿಗೆ ಸಂದೇಶಗಳು ಎಂಡ್ ಟು ಎಂಡ್ ಎನ್‌ಕ್ರಿಪ್ಟ್ ಆಗಿವೆ ಎನ್ನುವ ವಾಟ್ಸ್‌ಆ್ಯಪ್‌ನ ಸೂಚನೆ ಇರಬೇಕಿತ್ತು, ಅದೂ ಇರಲಿಲ್ಲ. ಮತ್ತೆ ಫೋಟೊ ಇಲ್ಲದೆ ತೆಗೆದಾಗ ಬೇಕಾದ ದಿನ ಸಿಕ್ಕಿತು:

```
14/06/23, 11:42 am - ಗಾರೆ ಮೇಸ್ತ್ರಿ: <Media omitted>
14/06/23, 11:43 am - ಗಾರೆ ಮೇಸ್ತ್ರಿ: ಇದು ಎಷ್ಟು?
14/06/23, 11:51 am - ಅಂಗಡಿ: ಬಾಕ್ಸಿಗೆ 640, ಸಾಗಣೆ ಬೇರೆ
```

ಯಾವ ಟೈಲ್ಸ್ ಎನ್ನುವುದು ಫೋಟೊದಲ್ಲಿತ್ತು, ಫೋಟೊ ಇಲ್ಲಿಲ್ಲ. ಅದಕ್ಕೆ ಫೋನಿನ ಕಡತಗಳಲ್ಲಿ ಹುಡುಕಬೇಕು. ಆಂಡ್ರಾಯ್ಡ್‌ನಲ್ಲಿ `Android/media/com.whatsapp.w4b/WhatsApp Business/Media` ಒಳಗೆ ಚಿತ್ರಗಳ ಫೋಲ್ಡರ್ ಇರುತ್ತದೆ. ನಾವು ಕಳಿಸಿದ್ದು ಅದರೊಳಗಿನ `Sent`ನಲ್ಲಿ ಬೇರೆಯಾಗಿರುತ್ತದೆ. ಹೆಸರಿನಲ್ಲಿಯೇ ದಿನಾಂಕವಿರುವುದರಿಂದ `IMG-20230614` ಎಂದು ಹುಡುಕಿದಾಗ ಆ ದಿನ ಬಂದ ಆರು ಚಿತ್ರಗಳು ಸಿಕ್ಕವು, ಅವುಗಳಲ್ಲಿ ಮೇಸ್ತ್ರಿಯವರದ್ದು ಯಾವುದೆಂದು ಚಾಟ್ ನೋಡಿ ಗುರುತಿಸಿದೆವು. ಜಾಗ ಸಾಲದೆಂದು ಯಾರಾದರೂ ಗ್ಯಾಲರಿ ಖಾಲಿ ಮಾಡಿದ್ದರೆ ಇದೂ ಸಿಗುತ್ತಿರಲಿಲ್ಲ.

ಮೇಲಿನ ಮೂರನೇ ಸಾಲನ್ನು ಇನ್ನೊಮ್ಮೆ ನೋಡಿ. 640 ಎಂದು ಬರೆದದ್ದು ಯಾರು? ನಾಲ್ವರಲ್ಲಿ ಯಾರು ಬರೆದರೂ ಕಡತದಲ್ಲಿ ಬರುವುದು ಅಂಗಡಿಯ ಹೆಸರೊಂದೇ. ಎಕ್ಸ್‌ಪೋರ್ಟ್ ಮಾಡುವಾಗ ಇದಕ್ಕೆ ಪರಿಹಾರವಿಲ್ಲ, ಬರೆಯುವಾಗಲೇ ಮಾಡಿಕೊಳ್ಳಬೇಕು. ನಮ್ಮಲ್ಲಿ ಈಗ ದರ ಅಥವಾ ತಾರೀಖು ಹೇಳುವ ಪ್ರತಿ ಸಂದೇಶದ ಕೊನೆಗೆ ಅವರವರ ಹೆಸರಿನ ಒಂದಕ್ಷರ ಹಾಕುವುದೆಂದು ಮಾಡಿಕೊಂಡಿದ್ದೇವೆ. ಮೊದಲ ವಾರ ಎಲ್ಲರೂ ಗೊಣಗಿದರು.

ಕಡತವನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದರೆ ಕನ್ನಡ ಅಕ್ಷರಗಳು ವಿಚಿತ್ರ ಗುರುತುಗಳಾಗಿ ಕಾಣಬಹುದು. ಕಡತ ಹಾಳಾಗಿದೆ ಎಂದುಕೊಳ್ಳಬೇಡಿ. `Data`, `From Text/CSV` ಮೂಲಕ ತಂದು, ಅಲ್ಲಿ `65001: Unicode (UTF-8)` ಆರಿಸಿ. ಇನ್ನೊಂದು ಮಾತು: ಈ ಕಡತಕ್ಕೆ ಬೀಗವಿಲ್ಲ, ಯಾರು ಬೇಕಾದರೂ ಓದಬಹುದು, ನೋಟ್‌ಪ್ಯಾಡ್‌ನಲ್ಲಿ ತಿದ್ದಲೂಬಹುದು. ಆದ್ದರಿಂದ ತಕರಾರು ಕೋರ್ಟಿಗೆ ಹೋಗುವ ಸಂಭವವಿದ್ದರೆ ಕಡತವೊಂದನ್ನೇ ನೆಚ್ಚಿಕೊಳ್ಳದೆ ಮೂಲ ಫೋನನ್ನು ಹಾಗೆಯೇ ಇಟ್ಟುಕೊಳ್ಳಿ, ಉಳಿದದ್ದನ್ನು ವಕೀಲರು ಹೇಳಲಿ.

ಸಿಬ್ಬಂದಿ ಹೆಚ್ಚಾದಾಗ ಎಪಿಐ ಎಂಬ, ಬೇರೆ ಕಂಪನಿಯ ತಂತ್ರಾಂಶವನ್ನು ವಾಟ್ಸ್‌ಆ್ಯಪ್‌ಗೆ ಜೋಡಿಸುವ ದಾರಿಯ ಮೂಲಕ ನಡೆಯುವ, ಎಲ್ಲರಿಗೂ ಬೇರೆ ಬೇರೆ ಲಾಗಿನ್ ಕೊಡುವ ಸೇವೆಗೆ ಹೋಗುವ ಯೋಚನೆ ನಿಮಗೂ ಬರಬಹುದು. ಅಲ್ಲಿ ಮಾತುಕತೆ ಇರುವುದು ಆ ಸೇವೆ ಕೊಡುವವರ ಡೇಟಾಬೇಸಿನಲ್ಲಿ. ಯಾರು ಉತ್ತರಿಸಿದರು ಎನ್ನುವುದು ಅಲ್ಲಿ ದಾಖಲಾಗುತ್ತದೆ, ಆದರೆ ಹೊರಗೆ ತೆಗೆಯಲು ಅವರು ಕೊಟ್ಟಷ್ಟೇ ದಾರಿ. ನಂಬರನ್ನು ಪೂರ್ತಿಯಾಗಿ ಅಲ್ಲಿಗೆ ಸಾಗಿಸಿದರೆ ಫೋನಿನ ಹಳೆಯ ಚಾಟ್ ಜೊತೆಗೆ ಬರುವುದಿಲ್ಲ. ಆ್ಯಪ್ ಮತ್ತು ಎಪಿಐ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವ ವ್ಯವಸ್ಥೆಯಲ್ಲಿ ಹೆಚ್ಚೆಂದರೆ ಹಿಂದಿನ ಆರು ತಿಂಗಳದ್ದು ಬರುತ್ತದೆ. ಹಣ ಕಟ್ಟುವ ಮೊದಲೇ ಅವರನ್ನು ಒಂದು ಮಾತು ಕೇಳಿ: ನಾಳೆ ಚಂದಾ ನಿಲ್ಲಿಸಿದರೆ ಪೂರ್ತಿ ಮಾತುಕತೆಯನ್ನು ಯಾವ ರೂಪದಲ್ಲಿ, ಎಷ್ಟು ದಿನದೊಳಗೆ ಕೊಡುತ್ತೀರಿ? ಉತ್ತರವನ್ನು ಇಮೇಲಿನಲ್ಲಿಯೇ ಪಡೆದುಕೊಳ್ಳಿ.