ಪೊಲೀಸರು ಯಾಕೆ ಕಳ್ಳರಾಗುವುದಿಲ್ಲ?

*ಸಂಪಾದಕರೇ, ನಾನು ಅಪರಾಧಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿನಿ. ಅಪರಾಧವನ್ನು ಜನ ಬೇರೆಯವರ ಒಡನಾಟದಲ್ಲಿ ಕಲಿಯುತ್ತಾರೆ ಅನ್ನೋ ಡಿಫರೆನ್ಷಿಯಲ್ ಅಸೋಸಿಯೇಷನ್ ಸಿದ್ಧಾಂತ ಓದಿದಾಗ ‘ಸಹವಾಸದಿಂದ ಸನ್ಯಾಸಿ ಕೆಟ್ಟ’ ಅನ್ನೋ ಗಾದೆಯೇ ನೆನಪಾಯಿತು. ಹಾಗಿದ್ದರೆ ದಿನವೂ ಕಳ್ಳರ ಜೊತೆಗಿರುವ ಪೊಲೀಸರು, ಜೈಲಿನ ಸಿಬ್ಬಂದಿ ಯಾಕೆ ಕಳ್ಳರಾಗುವುದಿಲ್ಲ?*

ಈ ಪ್ರಶ್ನೆ ಸಿದ್ಧಾಂತದ ತಿರುಳಿಗೇ ಕೈ ಹಾಕಿದೆ. ಗಾದೆ ಹೇಳುವುದು ಮನುಷ್ಯರ ಸಹವಾಸವನ್ನು. ಈ ಸಿದ್ಧಾಂತ ಕೊಟ್ಟ ಅಮೆರಿಕದ ಅಪರಾಧಶಾಸ್ತ್ರಜ್ಞ ಎಡ್ವಿನ್ ಸದರ್ಲ್ಯಾಂಡ್ ಹೇಳಿದ್ದು ಅದನ್ನಲ್ಲ. 1939ರಲ್ಲಿ ಮೊದಲು ಬರೆದು, 1947ರಲ್ಲಿ ಒಂಬತ್ತು ಅಂಶಗಳಾಗಿ ತಿದ್ದಿದ ಅವರ ಸಿದ್ಧಾಂತದಲ್ಲಿ ಆರನೆಯ ಅಂಶವೇ ಜೀವಾಳ: ಕಾನೂನು ಮುರಿಯುವುದನ್ನು ಒಪ್ಪುವ ನಿಲುವುಗಳು ವಿರೋಧಿಸುವ ನಿಲುವುಗಳಿಗಿಂತ ಜಾಸ್ತಿಯಾದಾಗ ಮನುಷ್ಯ ಅಪರಾಧಕ್ಕೆ ಇಳಿಯುತ್ತಾನೆ. ಇಂಥ ನಿಲುವುಗಳನ್ನು ಅವರು ‘ಡೆಫಿನಿಷನ್’ ಎಂದು ಕರೆದರು. ನೀವು ಯಾರ ಪಕ್ಕ ಕೂತಿದ್ದೀರಿ ಅನ್ನುವುದಕ್ಕಿಂತ ಅವರಿಂದ ಏನನ್ನು ಒಪ್ಪಿಕೊಂಡಿರಿ ಅನ್ನುವುದೇ ಇಲ್ಲಿ ಮುಖ್ಯ.

ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಿ. ಹದಿನಾಲ್ಕು ವರ್ಷ. ಮೂವರು ಗೆಳೆಯರ ಜೊತೆ ಅಂಗಡಿಗೆ ಹೋಗುತ್ತಾನೆ. ಒಬ್ಬ ಮಾರುವವನನ್ನು ಮಾತಿಗೆಳೆಯುತ್ತಾನೆ, ಇನ್ನೊಬ್ಬ ಜೇಬಿಗೆ ಹಾಕಿಕೊಳ್ಳುತ್ತಾನೆ. ಈ ಹುಡುಗ ಸುಮ್ನೆ ನೋಡುತ್ತಾನೆ. ಹೊರಗೆ ಬಂದ ಮೇಲೆ ‘ಓಡಬೇಡ, ಮಾಮೂಲಿಯಾಗಿ ನಡಿ’ ಅಂತ ಹೇಳಿಕೊಡುತ್ತಾರೆ. ಇದು ತಂತ್ರದ ಪಾಠ. ಆದರೆ ದೊಡ್ಡ ಪಾಠ ನಡೆಯುವುದು ಆಮೇಲೆ, ಎಲ್ಲರೂ ಕೂತು ನಗುವಾಗ. ‘ಅಷ್ಟು ದೊಡ್ಡ ಅಂಗಡಿಗೆ ಇದೊಂದು ನಷ್ಟಾನಾ?’ ‘ಎಲ್ಲರೂ ಎತ್ಕೋತಾರೆ, ನಾವೇನು ಕಳ್ಳರಾ?’ ತಂತ್ರ ಐದು ನಿಮಿಷದಲ್ಲಿ ಬಂದುಬಿಡುತ್ತದೆ. ಇಂಥ ಮಾತು ಒಳಗಿಳಿಯಲು ವಾರಗಟ್ಟಲೆ ಬೇಕು. ಅದು ಇಳಿದ ಮೇಲೆ ಕದಿಯುವಾಗ ಅವನಿಗೆ ತಾನು ತಪ್ಪು ಮಾಡುತ್ತಿದ್ದೇನೆ ಅನ್ನಿಸುವುದೇ ಇಲ್ಲ.

ಅದೇ ಹುಡುಗನಿಗೆ ಮನೆಯಲ್ಲಿ ‘ಬೇರೆಯವರ ವಸ್ತು ಮುಟ್ಟಬಾರದು’ ಅಂತಲೂ ಕಲಿಸಿದ್ದಾರೆ. ಯಾವುದು ಗೆಲ್ಲುತ್ತದೆ? ಸದರ್ಲ್ಯಾಂಡ್ ನಾಲ್ಕು ಅಳತೆ ಕೊಟ್ಟರು: ಎಷ್ಟು ಸಲ ಕೇಳಿದ, ಎಷ್ಟು ಕಾಲ ಕೇಳಿದ, ಎಷ್ಟು ಚಿಕ್ಕ ವಯಸ್ಸಿನಲ್ಲಿ ಕೇಳಿದ, ಹೇಳಿದವರು ಅವನಿಗೆ ಎಷ್ಟು ಬೇಕಾದವರು. ಮನೆಯ ಪಾಠ ಮೊದಲು ಬಂದದ್ದು. ಆದರೆ ಅಪ್ಪನ ಜೊತೆ ಮಾತೇ ನಿಂತುಹೋಗಿ, ಆ ಗೆಳೆಯರ ಮೆಚ್ಚುಗೆಯೇ ಎಲ್ಲಕ್ಕಿಂತ ದೊಡ್ಡದಾಗಿದ್ದರೆ ತಕ್ಕಡಿ ಆ ಕಡೆ ವಾಲುತ್ತದೆ.

ಈಗ ನಿಮ್ಮ ಪೊಲೀಸರ ವಿಷಯ. ಅವರು ಕಳ್ಳರ ಮಾತನ್ನು ಸಾವಿರ ಸಲ ಕೇಳುತ್ತಾರೆ, ನಿಜ. ಆದರೆ ಆಗ ಅವರು ವಯಸ್ಕರು, ಕಳ್ಳನ ಮೆಚ್ಚುಗೆ ಅವರಿಗೆ ಬೇಕಿಲ್ಲ, ಅವನ ಸಮಜಾಯಿಷಿಯನ್ನು ಅವರು ಕೇಳುವುದೇ ಅನುಮಾನದಿಂದ. ಸುತ್ತಲಿನ ಸಹೋದ್ಯೋಗಿಗಳ ಮಾತು ಅದಕ್ಕೆ ಉಲ್ಟಾ ಇರುತ್ತದೆ. ಒಬ್ಬ ಪೊಲೀಸ್ ಲಂಚ ತೆಗೆದುಕೊಳ್ಳಲು ಕಲಿತರೆ, ಈ ಸಿದ್ಧಾಂತದ ಪ್ರಕಾರ ಅದನ್ನು ಕಳ್ಳನಿಂದ ಕಲಿತಿರುವುದಕ್ಕಿಂತ ‘ಇದೆಲ್ಲ ಇಲ್ಲಿ ಮಾಮೂಲು’ ಎನ್ನುವ ಹಿರಿಯ ಸಹೋದ್ಯೋಗಿಯಿಂದ ಕಲಿತಿರುವುದೇ ಹೆಚ್ಚು. ಸದರ್ಲ್ಯಾಂಡ್ ದೊಡ್ಡ ಕಂಪನಿಗಳ ಅಪರಾಧದ ಬಗ್ಗೆ ಅಷ್ಟು ತಲೆ ಕೆಡಿಸಿಕೊಂಡದ್ದೂ ಇದಕ್ಕೇ. ಅಲ್ಲಿ ಬಡತನವೂ ಇಲ್ಲ, ಕೆಟ್ಟ ಬೀದಿಯೂ ಇಲ್ಲ, ಕಲಿಸುವವರು ಮಾತ್ರ ಇದ್ದಾರೆ.

ಸಿದ್ಧಾಂತ ಎಲ್ಲಿ ತಡವರಿಸುತ್ತದೆ ಅನ್ನುವುದನ್ನೂ ತಿಳಿದಿರಿ. ಸದರ್ಲ್ಯಾಂಡ್ ಅವರ ಶಿಷ್ಯ ಡೊನಾಲ್ಡ್ ಕ್ರೆಸ್ಸಿ ಜೈಲಿನಲ್ಲಿದ್ದ, ನಂಬಿಕೆಯಿಂದ ವಹಿಸಿದ ಹಣವನ್ನು ನುಂಗಿದವರನ್ನು ಮಾತಾಡಿಸಿ 1953ರಲ್ಲಿ ಪುಸ್ತಕ ಬರೆದರು. ಹಣ ತೆಗೆಯುವ ಕೈಚಳಕ ಅವರಿಗೆ ಬಂದದ್ದು ಕೆಲಸದಿಂದಲೇ, ಯಾವ ಗುಂಪೂ ಕಲಿಸಿರಲಿಲ್ಲ. ಯಾರಿಗೂ ಹೇಳಿಕೊಳ್ಳಲಾಗದ ತಾಪತ್ರಯದಲ್ಲಿ ಸಿಕ್ಕಿಕೊಂಡು, ‘ಇದು ಸಾಲ ಅಷ್ಟೇ, ವಾಪಸ್ ಇಡುತ್ತೇನೆ’ ಅಂತ ತಮಗೆ ತಾವೇ ಹೇಳಿಕೊಂಡು ತೆಗೆದವರು ಅವರಲ್ಲಿದ್ದರು. ಮಾತಿನ ಪಾತ್ರ ಇಲ್ಲೂ ಇದೆ, ಆಪ್ತ ಗುಂಪಿನ ಪಾತ್ರ ಮಾತ್ರ ಕಾಣುವುದಿಲ್ಲ.

ಇನ್ನೊಂದು ತಕರಾರು ಹಳೆಯದು: ಗೆಳೆಯರು ಕೆಡಿಸಿದರೋ, ಕೆಟ್ಟ ಮೇಲೆ ಅಂಥ ಗೆಳೆಯರನ್ನು ಹುಡುಕಿಕೊಂಡನೋ? ಒಮ್ಮೆ ಮಾತ್ರ ಪ್ರಶ್ನಾವಳಿ ಹಂಚಿದರೆ ಇದು ಗೊತ್ತಾಗದು. ಅದೇ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ ಮೊದಲು ಬದಲಾದದ್ದು ಯಾವುದು ಎಂದು ನೋಡಬೇಕು. ಹಾಗೆ ನೋಡಿದವರಿಗೆ ಸಾಮಾನ್ಯವಾಗಿ ಎರಡೂ ಸಿಕ್ಕಿವೆ. ಇನ್ನು 1991ರಲ್ಲಿ ಮಾರ್ಕ್ ವಾರ್ ಮತ್ತು ಮಾರ್ಕ್ ಸ್ಟಾಫರ್ಡ್ ಅಮೆರಿಕದ ಹದಿಹರೆಯದವರ ಮಾಹಿತಿ ಪರಿಶೀಲಿಸಿದಾಗ, ಗೆಳೆಯರು ಏನು ಹೇಳುತ್ತಾರೆ ಅನ್ನುವುದಕ್ಕಿಂತ ಏನು ಮಾಡುತ್ತಾರೆ ಅನ್ನುವುದಕ್ಕೇ ಹೆಚ್ಚು ಪ್ರಭಾವ ಕಂಡಿತು. ಕಲಿಕೆ ಬರೀ ನಿಲುವುಗಳ ಮೂಲಕ ನಡೆಯುತ್ತದೆ ಎಂಬ ಮಾತಿಗೆ ಇದು ನೇರ ಪೆಟ್ಟು. ಅನುಕರಣೆ, ಹೊಗಳಿಕೆ, ಶಿಕ್ಷೆಯ ಭಯಕ್ಕೆ ರೊನಾಲ್ಡ್ ಏಕರ್ಸ್ ತಮ್ಮ ಸಾಮಾಜಿಕ ಕಲಿಕೆಯ ಸಿದ್ಧಾಂತದಲ್ಲಿ ಜಾಗ ಕೊಟ್ಟಿದ್ದಾರೆ. ಮುಂದೆ ಅದನ್ನೇ ಓದಿ.