ಸಂಪಾದಕರ ಉತ್ತರ: ಕೂದಲಿನ ಕೆಂಪು ಮೊದಲು ಮಾಸುವುದೇಕೆ?

ಮಾನ್ಯ ಸಂಪಾದಕರೇ,
ನಾನು ಸಿಂಧನೂರಿನಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತೇನೆ. ಕಪ್ಪು, ಕಂದು ಬಣ್ಣ ಹಚ್ಚಿಸಿಕೊಂಡವರಿಂದ ದೂರಿಲ್ಲ. ಕೆಂಪು, ಬರ್ಗಂಡಿ ಹಚ್ಚಿಸಿಕೊಂಡವರು ಮಾತ್ರ ತಿಂಗಳೊಳಗೆ ಬೇಸರದಿಂದ ಮರಳಿ ಬರುತ್ತಾರೆ. ಶಿಕ್ಷಕಿಯೊಬ್ಬರು ಕಳೆದ ವರ್ಷ ತುದಿಗೆ ಬ್ಲೀಚ್ ಮಾಡಿಸಿದ್ದರು. ಅವರ ಇಡೀ ಕೂದಲಿಗೆ ಒಂದೇ ಟ್ಯೂಬಿನ ಬರ್ಗಂಡಿ ಹಚ್ಚಿದೆ. ಬುಡದಲ್ಲಿ ಉಳಿಯಿತು, ತುದಿ ಮೂರು ವಾರಕ್ಕೇ ಕಿತ್ತಳೆಯಾಯಿತು. ಕೆಂಪಿನ ಅಣು ದೊಡ್ಡದು, ಒಳಗೆ ಇಳಿಯುವುದಿಲ್ಲ ಎಂದು ಒಂದು ತರಬೇತಿಯಲ್ಲಿ ಹೇಳಿದರು. ಚಿಕ್ಕದು, ಸೋರಿಹೋಗುತ್ತದೆ ಎಂದು ಇನ್ನೊಂದರಲ್ಲಿ ಹೇಳಿದರು. ಯಾವುದು ಸರಿ? ಮೆಹಂದಿಯೂ ಕೆಂಪೇ ಅಲ್ಲವೇ, ಅದೇಕೆ ಹೋಗುವುದಿಲ್ಲ?
— ಓದುಗರೊಬ್ಬರು, ಸಿಂಧನೂರು, ರಾಯಚೂರು ಜಿಲ್ಲೆ

ಪ್ರಿಯ ಓದುಗರೇ,

ಇಬ್ಬರು ತರಬೇತುದಾರರೂ ಸುಳ್ಳು ಹೇಳಿಲ್ಲ. ಆದರೆ ಅವರು ಬೇರೆ ಬೇರೆ ಬಣ್ಣದ ಬಗ್ಗೆ ಮಾತನಾಡಿದ್ದಾರೆ, ಅದನ್ನು ನಿಮಗೆ ಬಿಡಿಸಿ ಹೇಳಿಲ್ಲ. ಡೆವಲಪರ್ ಬೆರೆಸಿ ಹಚ್ಚುವ ಶಾಶ್ವತ ಬಣ್ಣದಲ್ಲಿ ಕೆಂಪಿನ ಅಣು ಚಿಕ್ಕದು. ಡೆವಲಪರ್ ಇಲ್ಲದೆ ನೇರವಾಗಿ ಹಚ್ಚುವ ಬಣ್ಣದಲ್ಲಿ ಅಣು ಒಳಗಿಳಿಯಲಾರದಷ್ಟು ದೊಡ್ಡದಿರುವುದುಂಟು. ಎರಡರಲ್ಲೂ ಬಣ್ಣ ಹೋಗುತ್ತದೆ, ಆದರೆ ಹೋಗುವ ದಾರಿ ಬೇರೆ. ಯಾವ ದಾರಿ ಎಂದು ತಿಳಿದರೆ ಮಾತ್ರ ಅದನ್ನು ತಡೆಯುವ ಉಪಾಯ ಹೊಳೆಯುತ್ತದೆ.

ಮೊದಲು ಶಾಶ್ವತ ಬಣ್ಣವನ್ನೇ ನೋಡೋಣ. ನೀವು ಟ್ಯೂಬಿನಿಂದ ಹಿಂಡುವ ಕ್ರೀಮು ಬಹುತೇಕ ಬಿಳಿಯಾಗಿರುತ್ತದೆ, ಬಟ್ಟಲಲ್ಲಿ ಕಲಸಿಟ್ಟ ಮೇಲೆ ನಿಧಾನವಾಗಿ ಕಪ್ಪಾಗುತ್ತಾ ಹೋಗುತ್ತದೆ. ಅದನ್ನು ನೀವು ದಿನವೂ ನೋಡುತ್ತೀರಿ. ಕಾರಣವಿಷ್ಟೇ: ಟ್ಯೂಬಿನಲ್ಲಿರುವುದು ಬಣ್ಣವಲ್ಲ, ಬಣ್ಣದ ಬಿಡಿಭಾಗಗಳು. ಪ್ಯಾರಾ-ಫೆನಿಲೀನ್‌ಡೈಅಮೀನ್ (ಪಿಪಿಡಿ), ಪ್ಯಾರಾ-ಅಮಿನೋಫೀನಾಲ್, ರಿಸಾರ್ಸಿನಾಲ್ ಮೊದಲಾದ ಇವುಗಳ ಅಣುಭಾರ 110ರ ಆಸುಪಾಸು. ಹೈಡ್ರೋಜನ್ ಪರಮಾಣುವನ್ನು ಒಂದು ಎಂದು ಹಿಡಿದರೆ ಬರುವ ಲೆಕ್ಕ ಅದು. ಅಮೋನಿಯದ ಕ್ಷಾರಕ್ಕೆ ಕೂದಲು ಉಬ್ಬುತ್ತದೆ, ಹೊರಗಿನ ಹುರುಪೆಯಂಥ ಪದರಗಳು ಸಡಿಲವಾಗುತ್ತವೆ, ಈ ಪುಟ್ಟ ಅಣುಗಳು ಒಳತಿರುಳಿಗೆ ನುಸುಳುತ್ತವೆ. ಅಲ್ಲಿ ಡೆವಲಪರಿನ ಹೈಡ್ರೋಜನ್ ಪೆರಾಕ್ಸೈಡ್ ಅವುಗಳನ್ನು ಒಂದಕ್ಕೊಂದು ಜೋಡಿಸುತ್ತದೆ. ಜೋಡಣೆಯಾದಾಗಲೇ ಬಣ್ಣ ಹುಟ್ಟುತ್ತದೆ. ಕಿರಿದಾದ ಬಾಗಿಲಿನ ಕೋಣೆಯೊಳಗೆ ಮಂಚದ ಕಾಲು, ಪಟ್ಟಿಗಳನ್ನು ಬಿಡಿಬಿಡಿಯಾಗಿ ಒಯ್ದು ಒಳಗೇ ಜೋಡಿಸಿದ ಹಾಗೆ: ಜೋಡಿಸಿದ ಮಂಚ ಆ ಬಾಗಿಲಲ್ಲಿ ಮತ್ತೆ ಹೊರಬರದು.

ಕಪ್ಪು ಮತ್ತು ಗಾಢ ಕಂದು ಉಳಿಯುವುದಕ್ಕೂ ಕೆಂಪು ಹೋಗುವುದಕ್ಕೂ ವ್ಯತ್ಯಾಸ ಇರುವುದು ಇಲ್ಲಿಯೇ. ಪಿಪಿಡಿ ಮತ್ತು ರಿಸಾರ್ಸಿನಾಲ್ ಸೇರಿದಾಗ ಜೋಡಣೆ ಎರಡಕ್ಕೇ ನಿಲ್ಲುವುದಿಲ್ಲ, ಮೂರನೆಯ ತುಂಡೂ ಬಂದು ಕೂಡಿಕೊಳ್ಳುತ್ತದೆ. ಹೀಗೆ ಹುಟ್ಟುವ ಕಂದು ಅಣುವಿನ ಭಾರ ಸುಮಾರು 320. ಕೆಂಪಿಗೆ ಬಳಸುವ ಜೋಡಿ ಬೇರೆ: ಪ್ಯಾರಾ-ಅಮಿನೋಫೀನಾಲ್ ಮತ್ತು 4-ಅಮಿನೋ-2-ಹೈಡ್ರಾಕ್ಸಿಟಾಲೀನ್. ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳಲ್ಲಿ ಇವೆರಡೂ ಒಟ್ಟಿಗೆ ಕಂಡರೆ ಅದರಲ್ಲಿ ಕಿತ್ತಳೆ-ಕೆಂಪಿನ ಅಂಶವಿದೆ ಎಂದೇ ತಿಳಿಯಿರಿ. ಈ ಜೋಡಣೆ ಎರಡು ತುಂಡಿಗೇ ಮುಗಿಯುತ್ತದೆ. ಭಾರ ಸುಮಾರು 230. ಕೂದಲಿನ ಪ್ರೋಟೀನು ತೀರ ಒತ್ತಾಗಿ ಹೆಣೆದುಕೊಂಡಿರುತ್ತದೆ, ಅದರ ಸಂದಿಗಳಲ್ಲಿ ಅಣು ಸರಿದಾಡುವ ವೇಗ ಅದರ ಗಾತ್ರವನ್ನು ಬಹಳವಾಗಿ ಅವಲಂಬಿಸುತ್ತದೆ. ಮೂರು ತುಂಡಿನದು ಸಿಕ್ಕಿಕೊಂಡಿರುವ ಸಂದಿಯಲ್ಲೇ ಎರಡು ತುಂಡಿನದು ಮೆಲ್ಲನೆ ಜಾರಿ ಹೊರದಾರಿ ಹಿಡಿಯುತ್ತದೆ.

ಜಾರಲು ಅದಕ್ಕೆ ನೀರು ಬೇಕು. ಒಣಗಿದ ಕೂದಲಿನಲ್ಲಿ ಅದು ಹೆಚ್ಚು ಕದಲುವುದಿಲ್ಲ. ನೆನೆದ ಕೂದಲು ದಪ್ಪದಲ್ಲಿ ಶೇಕಡಾ 14ರಿಂದ 16ರಷ್ಟು ಉಬ್ಬುತ್ತದೆ, ಸಂದಿಗಳು ಅಗಲವಾಗುತ್ತವೆ. ಬಿಸಿನೀರಾದರೆ ಅಣುಗಳ ಓಡಾಟವೂ ಹೆಚ್ಚು. ಮೈಸೋಪಿನಲ್ಲೇ ತಲೆ ತೊಳೆಯುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಆ ಸೋಪಿನ ನೊರೆ ಕ್ಷಾರವಾದ್ದರಿಂದ ಕೂದಲು ಮತ್ತಷ್ಟು ಉಬ್ಬುತ್ತದೆ. ಬಣ್ಣ ಹಾಕುವಾಗ ಅಮೋನಿಯ ತೆರೆದ ದಾರಿಯನ್ನೇ ಸೋಪು ವಾರವಾರವೂ ಸ್ವಲ್ಪ ಸ್ವಲ್ಪ ತೆರೆಯುತ್ತಿರುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ಕೆಂಪು ಎಂಬ ಬಣ್ಣದಲ್ಲೇ ದೋಷವಿದೆ ಎಂದು ತಿಳಿಯಬೇಡಿ. ನೀಲಿ-ನೇರಳೆ ಛಾಯೆ ಕೊಡುವ ಕೆಲವು ಶಾಶ್ವತ ಬಣ್ಣಗಳೂ ಎರಡು ತುಂಡಿನವೇ, ಅವೂ ಸೋರುತ್ತವೆ. ಆದರೆ ಕೆಂಪು ಸೋರಿದ್ದು ಕಣ್ಣಿಗೆ ಹೊಡೆಯುತ್ತದೆ. ನಮ್ಮ ಜನರ ಕೂದಲೇ ಕಪ್ಪು. ಕಪ್ಪು ಬಣ್ಣ ಸ್ವಲ್ಪ ಮಾಸಿದರೆ ಅಡಿಯ ಸಹಜ ಕಪ್ಪು ಅದನ್ನು ಮುಚ್ಚಿಕೊಳ್ಳುತ್ತದೆ. ಕೆಂಪು ಮಾಸಿದರೆ ಮುಚ್ಚಿಕೊಳ್ಳಲು ಅಡಿಯಲ್ಲಿ ಕೆಂಪಿಲ್ಲ, ಬೆಳ್ಳಗಾದ ಕೂದಲೋ ಬ್ಲೀಚ್ ಬಿಟ್ಟುಹೋದ ಹಳದಿ-ಕಿತ್ತಳೆಯೋ ಇರುತ್ತದೆ.

ಈಗ ನಿಮ್ಮ ಮೊದಲ ತರಬೇತುದಾರರ ಮಾತು. ಡೆವಲಪರ್ ಬೇಡದ, ಅಮೋನಿಯ ಇಲ್ಲದ ಬಣ್ಣಗಳಲ್ಲಿ ಜೋಡಣೆ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಡಬ್ಬಿಯಿಂದ ತೆಗೆದ ಕ್ರೀಮೇ ಕಡುಕೆಂಪಗಿರುತ್ತದೆ, ಕೈಗೆ ತಗುಲಿದ ಕೂಡಲೇ ಹತ್ತಿಕೊಳ್ಳುತ್ತದೆ. ಪಟ್ಟಿಯಲ್ಲಿ ಬೇಸಿಕ್ ರೆಡ್ 51, ಬೇಸಿಕ್ ರೆಡ್ 76ರಂಥ ಹೆಸರುಗಳಿರುತ್ತವೆ. ಇಲ್ಲಿ ಪೂರ್ತಿ ಅಣುವೇ ಬಾಗಿಲಿಗೆ ಬಂದು ನಿಲ್ಲುತ್ತದೆ, ಬಾಗಿಲನ್ನು ಉಬ್ಬಿಸಿ ತೆರೆಯಲು ಅಮೋನಿಯವೂ ಇರುವುದಿಲ್ಲ. ಹೀಗಾಗಿ ಬಹುಪಾಲು ಹೊರಪದರದಲ್ಲಿ, ಅದರ ಕೆಳಗೆ ಒಂದಿಷ್ಟು ಉಳಿಯುತ್ತದೆ. ಇವುಗಳಿಗೆ ಧನ ವಿದ್ಯುದಂಶ ಇರುವುದರಿಂದ ಕೂದಲಿನ ಋಣ ಅಂಶಕ್ಕೆ ಅಂಟಿಕೊಳ್ಳುತ್ತವೆ, ಆ ಹಿಡಿತವನ್ನು ಪ್ರತಿ ಶಾಂಪೂ ಸ್ನಾನವೂ ಒಂದಿಷ್ಟು ಸಡಿಲಿಸುತ್ತದೆ. ಇಂಥ ಬಣ್ಣ ಕೆಲವೇ ಸ್ನಾನಗಳಲ್ಲಿ ತೆಳುವಾದರೆ ಅದು ನಿಮ್ಮ ಕೈತಪ್ಪಲ್ಲ, ಅದರ ಗುಣವೇ ಅದು. ಹಾಗೆಂದು ಗಿರಾಕಿಗೆ ಮೊದಲೇ ಹೇಳಿಬಿಡಿ.

ಗಾತ್ರದ ವಾದಕ್ಕೆ ಮಿತಿಯೂ ಇದೆ, ಅದನ್ನು ಮೆಹಂದಿ ತೋರಿಸಿಕೊಡುತ್ತದೆ. ಗೋರಂಟಿ ಸೊಪ್ಪಿನ ಬಣ್ಣದ ಹೆಸರು ಲಾಸೋನ್, ಅಣುಭಾರ 174. ಕೆಂಪು ಡೈಗಿಂತಲೂ ಚಿಕ್ಕದು. ಗಾತ್ರವೊಂದೇ ಎಲ್ಲವನ್ನೂ ತೀರ್ಮಾನಿಸುವುದಾಗಿದ್ದರೆ ಮೆಹಂದಿ ಎಲ್ಲಕ್ಕಿಂತ ಮೊದಲು ತೊಳೆದುಹೋಗಬೇಕಿತ್ತು. ಹೋಗುವುದಿಲ್ಲ, ಏಕೆಂದರೆ ಲಾಸೋನ್ ಕೂದಲಿನ ಕೆರಾಟಿನ್ ಪ್ರೋಟೀನಿನ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಟ್ಯೂಬಿನ ಕೆಂಪು ಹಾಗೆ ಬೆಸೆದುಕೊಳ್ಳುವುದಿಲ್ಲ, ಸಂದಿಯಲ್ಲಿ ಕೂತಿರುತ್ತದೆ ಅಷ್ಟೇ. ಬೆಸುಗೆ ಇಲ್ಲದ ಕಡೆ ಮಾತ್ರ ಗಾತ್ರದ ಆಟ ನಡೆಯುತ್ತದೆ. ಒಂದು ಎಚ್ಚರಿಕೆ: ಹಚ್ಚಿದ ಸ್ವಲ್ಪ ಹೊತ್ತಿಗೇ ಕಪ್ಪಾಗುವ ‘ಕಪ್ಪು ಮೆಹಂದಿ’ಯಲ್ಲಿ ಹೆಚ್ಚಾಗಿ ಪಿಪಿಡಿ ಬೆರೆತಿರುತ್ತದೆ. ಅದನ್ನು ಸೊಪ್ಪಿನ ಮೆಹಂದಿ ಎಂದು ನಂಬಿ ಯಾರ ತಲೆಗೂ ಹಚ್ಚಬೇಡಿ. ಪಿಪಿಡಿ ಅಲರ್ಜಿ ಇರುವವರಿಗೆ ಮುಖವೇ ಊದಿಕೊಳ್ಳುವುದುಂಟು.

ಇನ್ನು ನಿಮ್ಮ ಶಿಕ್ಷಕಿಯ ಕೂದಲು. ಬುಡ ಮತ್ತು ತುದಿಗೆ ಹೋದದ್ದು ಒಂದೇ ಬಟ್ಟಲಿನ ಬಣ್ಣ, ಅಣುವೂ ಒಂದೇ. ಬೇರೆಯಾಗಿದ್ದು ಕೂದಲು. ಬ್ಲೀಚ್ ಮೆಲನಿನ್ನನ್ನು ಮಾತ್ರ ತೆಗೆಯುವುದಿಲ್ಲ, ಕೂದಲನ್ನು ಬಿಗಿಯಾಗಿ ಹಿಡಿದಿರುವ ಗಂಧಕದ ಸೇತುವೆಗಳನ್ನೂ ಮುರಿಯುತ್ತದೆ. ಮುರಿದ ತುದಿಗಳು ನೀರನ್ನು ಎಳೆದುಕೊಳ್ಳುವ ಆಮ್ಲದ ಗುಂಪುಗಳಾಗಿ ಉಳಿಯುತ್ತವೆ. ಅಂಥ ಕೂದಲು ನೆನೆದಾಗ ಸಾಧಾರಣ ಕೂದಲಿಗಿಂತ ಬಹಳ ಉಬ್ಬುತ್ತದೆ. ಬಣ್ಣವನ್ನು ಬೇಗ ಕುಡಿಯುತ್ತದೆ, ಅಷ್ಟೇ ಬೇಗ ಬಿಟ್ಟುಕೊಡುತ್ತದೆ. ಬುಡದ ಗಟ್ಟಿ ಕೂದಲಿನಲ್ಲಿ ಸಿಕ್ಕಿಕೊಂಡಿದ್ದ 230ರ ಅಣುವನ್ನು ತಡೆಯಲು ತುದಿಯಲ್ಲಿ ಬಾಗಿಲೇ ಇರಲಿಲ್ಲ. ಕೆಂಪು ಹೋದ ಮೇಲೆ ಕಂಡ ಕಿತ್ತಳೆಯಲ್ಲಿ ಬಹುಪಾಲು ಬ್ಲೀಚ್ ಮಾಡಿದಾಗ ಉಳಿದಿದ್ದ ಹಳೆಯ ಛಾಯೆಯೇ.

ಬಣ್ಣ ತೆಗೆದದ್ದು ನೀರೋ ಬಿಸಿಲೋ ಎಂದು ಗುರುತಿಸುವುದು ಕಷ್ಟವಲ್ಲ. ಅವರನ್ನು ಕಿಟಕಿಯ ಬೆಳಕಿನಲ್ಲಿ ಕೂರಿಸಿ, ನೆತ್ತಿಯ ಮೇಲಿನ ಪದರವನ್ನು ಎತ್ತಿ ಪಿನ್ ಹಾಕಿ. ಕಿವಿಯ ಹಿಂದೆ, ಕತ್ತಿನ ಮೇಲೆ ಬಿಸಿಲು ತಾಗದ ಕೂದಲು ಇರುತ್ತದೆ. ಎರಡೂ ಪದರಗಳಿಗೆ ಸ್ನಾನ ಒಂದೇ. ಮೇಲಿನದು ಪೇಲವ, ಒಳಗಿನದು ಕೆಂಪು ಎಂದಾದರೆ ಬಿಸಿಲಿನ ಪಾಲು ದೊಡ್ಡದು. ಎರಡೂ ಸಮನಾಗಿ ಮಾಸಿದ್ದರೆ ನೀರಿನದು. ಏಪ್ರಿಲ್-ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ತಲೆಗೆ ಸೆರಗಿಲ್ಲದೆ ಓಡಾಡುವವರಲ್ಲಿ ಮೊದಲನೆಯದನ್ನು ನೀವು ಖಂಡಿತ ಕಾಣುತ್ತೀರಿ. ಬೆಳಕು ಅಣುವನ್ನು ಹೊರಗೆ ಕಳಿಸುವುದಿಲ್ಲ, ಇದ್ದಲ್ಲೇ ಒಡೆಯುತ್ತದೆ. ಅಲ್ಲಿ ಗಾತ್ರಕ್ಕಿಂತ ಅಣುವಿನ ರಚನೆ ಮುಖ್ಯ, ಅದಕ್ಕೆ ಸೆರಗೋ ಸ್ಕಾರ್ಫೋ ಬಿಟ್ಟು ಬೇರೆ ಉಪಾಯ ನನಗೆ ರುಚಿಸುವುದಿಲ್ಲ. ನೀರಿನ ಪಾಲನ್ನು ಇನ್ನೂ ಖಚಿತಪಡಿಸಿಕೊಳ್ಳಬೇಕಾದರೆ ತುದಿಯಿಂದ ನಾಲ್ಕಾರು ಎಳೆ ಕತ್ತರಿಸಿ, ಬೆಚ್ಚನೆಯ ನೀರಿಗೆ ಒಂದು ಹನಿ ಶಾಂಪೂ ಹಾಕಿ ಬಿಳಿ ಬಟ್ಟಲಿನಲ್ಲಿ ನೆನೆಸಿಡಿ. ಬುಡದ ಕೆಲವು ಎಳೆಗಳನ್ನು ಇನ್ನೊಂದು ಬಟ್ಟಲಿನಲ್ಲಿಡಿ. ಅರ್ಧ ಗಂಟೆಯ ನಂತರ ಯಾವ ನೀರು ಹೆಚ್ಚು ಗುಲಾಬಿಯಾಗಿದೆ ಎಂದು ಅವರಿಗೂ ತೋರಿಸಿ.

ಮುಂದಿನ ಸಲ ಅವರ ತಲೆಯನ್ನು ಎರಡು ತಲೆ ಎಂದೇ ಎಣಿಸಿ. ಬುಡಕ್ಕೆ ಬರ್ಗಂಡಿಯನ್ನು ಈಗಿನಂತೆಯೇ 6 ಶೇಕಡಾ ಡೆವಲಪರಿನಲ್ಲಿ ಹಚ್ಚಿ, ಡಬ್ಬಿಯಲ್ಲಿ ಹೇಳಿದ ಪೂರ್ತಿ ಹೊತ್ತು ಬಿಡಿ. ಗಿರಾಕಿಗೆ ಅವಸರವೆಂದು ಬೇಗ ತೊಳೆದರೆ ಜೋಡಣೆಯಾಗದ ಬಿಡಿ ತುಂಡುಗಳೇ ನೀರಿನಲ್ಲಿ ಹರಿದುಹೋಗುತ್ತವೆ. ತುದಿಗೆ ಬೇರೆ ಬಟ್ಟಲು ಕಲಸಿ: ಅದೇ ಬರ್ಗಂಡಿಗೆ ಅಷ್ಟೇ ಆಳದ ಸಹಜ ಕಂದು ಟ್ಯೂಬನ್ನು ಬೆರೆಸಿ, ಡೆವಲಪರನ್ನು ಕಂಪನಿ ಅನುಮತಿಸುವ ಅತಿ ಕಡಿಮೆ ಶಕ್ತಿಯದೇ ತೆಗೆದುಕೊಳ್ಳಿ. ಕಂದಿನ ಮೂರು ತುಂಡಿನ ಅಣುಗಳು ತುದಿಯಲ್ಲಿ ಹೆಚ್ಚು ಕಾಲ ನಿಲ್ಲುತ್ತವೆ, ಕೆಂಪು ತೆಳುವಾದರೂ ಅಡಿಯಲ್ಲಿ ಕಿತ್ತಳೆ ಬದಲು ಕಂದು ಕಾಣುತ್ತದೆ. ಬಣ್ಣ ಮೊದಲಿನಷ್ಟು ಉಜ್ವಲವಾಗಿರದು ಎಂಬುದನ್ನು ಹಚ್ಚುವ ಮೊದಲೇ ಒಂದು ಎಳೆಯ ಮೇಲೆ ತೋರಿಸಿ ಒಪ್ಪಿಸಿಕೊಳ್ಳಿ. ಕೆಂಪೇ ಬೇಕೆಂದು ಹಟ ಹಿಡಿದರೆ, ಡೆವಲಪರ್ ಬೇಡದ ಕೆಂಪು ಕ್ರೀಮನ್ನು ಎರಡು ಮೂರು ವಾರಕ್ಕೊಮ್ಮೆ ತುದಿಗೆ ಮಾತ್ರ ಹಚ್ಚಿಕೊಡಿ. ಸೋರಿದ್ದನ್ನು ತುಂಬಿಕೊಡಲು ಆ ಬಣ್ಣ ಚೆನ್ನಾಗಿಯೇ ಒದಗುತ್ತದೆ, ಮತ್ತೆ ಪೆರಾಕ್ಸೈಡಿನ ಪೆಟ್ಟು ಬೀಳುವುದಿಲ್ಲ. ಮನೆಯಲ್ಲಿ ಅವರು ಹದವಾದ ತಣ್ಣೀರಿನಲ್ಲಿ, ಸೋಪು ಬಿಟ್ಟು ಮೃದುವಾದ ಶಾಂಪೂವಿನಿಂದ ತೊಳೆಯಲಿ. ಇನ್ನೊಮ್ಮೆ ಬ್ಲೀಚ್ ಕೇಳಿಕೊಂಡು ಬಂದರೆ, ಆ ತುದಿ ಕತ್ತರಿಸಿ ಹೊಸ ಕೂದಲು ಬರುವವರೆಗೆ ಒಪ್ಪಬೇಡಿ.

— ಸಂಪಾದಕ